ಬುಧವಾರದಾಕೆಗೆ ಹೋದ ಮೆಸೇಜು

ಹೇಳದೆ ಕೇಳದೆ ಕೈಕೊಡುವ ಗಿರಾಕಿಗಳಿಂದ ಸ್ಪಾದ ಒಡತಿ ರೋಸಿಹೋಗಿದ್ದಳು. ಎಣ್ಣೆ ಬೆಚ್ಚಗಾಗಿರುತ್ತಿತ್ತು, ಟವೆಲ್ಲು ಮಡಿಸಿ ಇಟ್ಟಿರುತ್ತಿತ್ತು, ಮಸಾಜಿಗೆ ಮಲಗುವವರದೇ ಪತ್ತೆ ಇಲ್ಲ. ಕೊನೆಗೆ ಅಕ್ಕನ ಮಗಳು ಬಂದು ಆನ್‌ಲೈನ್ ಬುಕಿಂಗ್ ಕೂರಿಸಿಕೊಟ್ಟಳು. ಹಿಂದಿನ ದಿನ ನೆನಪಿಸಲು ಒಂದು ಮೆಸೇಜು, ಬರದಿದ್ದರೆ ಇನ್ನೊಂದು.

“ಬರದೇ ಇರೋರಿಗೆ ಏನಂತ ಹಾಕಲಿ ಚಿಕ್ಕಮ್ಮ?”

“ಬೈದ ಹಾಗಿರಬಾರದು ಕಣೆ. ಹಿಂದಿನ ಸಲ ಯಾವತ್ತು ಬಂದಿದ್ರು ಅಂತ ಸೇರಿಸು. ನೆನಪಿಟ್ಕೊಂಡಿದಾರೆ ಅಂತ ಖುಷಿಪಡ್ತಾರೆ.”

ಹಳೆಯ ಗಿರಾಕಿಗಳನ್ನೂ ಅವರು ಕೊನೆಯ ಸಲ ಬಂದ ದಿನದ ಸಮೇತ ತುಂಬಿಸಿದರು. ಪ್ರತಿ ಬುಧವಾರ ಬರುವಾಕೆಯ ಸರದಿಯಲ್ಲಿ ತೊಡಕಾಯಿತು, ಆಕೆಯ ಫೋನ್ ನಂಬರೇ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟರೆ ಬುಕಿಂಗ್ ಮುಂದಕ್ಕೇ ಹೋಗದು. ಆಕೆಯೋ ಒಂದು ವಾರವೂ ತಪ್ಪಿಸಿದವಳಲ್ಲ, ಎದ್ದು ಹೋಗುವಾಗಲೇ ಮುಂದಿನದನ್ನು ಬಾಯಲ್ಲಿ ಹೇಳಿ ಹೋಗುವವಳು. ಅವಳ ಬೆನ್ನಿನ ಮೇಲೆ ಕಂದಿದ ಗುರುತುಗಳನ್ನು ಒಡತಿ ಕಂಡಿದ್ದಳು, ಕೇಳುವ ಧೈರ್ಯ ಮಾಡಿರಲಿಲ್ಲ. ತುರ್ತಿಗಿರಲಿ ಎಂದು ಮೊದಲ ದಿನ ಪಡೆದ ಗಂಡನ ನಂಬರೊಂದಿತ್ತು. “ನಾನು ಸತ್ರೆ ಮಾತ್ರ ಇದಕ್ಕೆ ಮಾಡಿ” ಎಂದು ಆಕೆ ನಕ್ಕಿದ್ದಳು. ಗಡಿಬಿಡಿಯಲ್ಲಿ ಒಡತಿ ಅದನ್ನೇ ತುಂಬಿದಳು.

ಬುಧವಾರ ಬೆಳಿಗ್ಗೆ ಆ ಹೆಸರಿನ ಮುಂದೆ ಹಸಿರು ಗುರುತು ಬಂದಿತ್ತು. ಮೆಸೇಜಿಗೆ ‘ಬರುತ್ತೇನೆ’ ಎಂಬ ಉತ್ತರ. ಅದು ಗಂಡನ ನಂಬರೆಂಬುದೂ ಆಕೆಯ ಆ ನಗುವೂ ಒಡತಿಗೆ ಆಗ ನೆನಪಾದವು. ಒತ್ತಿದವರು ಯಾರು? ಆಕೆಯ ಬೇರೆ ನಂಬರಿಲ್ಲ, ಮನೆ ಗೊತ್ತಿಲ್ಲ. ಬಾಗಿಲು ಕಿರ್ರೆಂದಾಗಲೆಲ್ಲ ಎದ್ದು ನೋಡುತ್ತಿದ್ದಳು.

ಹೇಳಿದ ಹೊತ್ತಿಗೆ ಸರಿಯಾಗಿ ಬಂದದ್ದು ಒಬ್ಬ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ.

“ನನ್ನ ಹೆಂಡತಿಗೆ ಹುಷಾರಿಲ್ಲ, ಏಳೋಕಾಗ್ತಿಲ್ಲ. ಅವಳು ಇಲ್ಲಿಗೆ ಬರ್ತಾಳಾ?” ಎಂದು ಮೆಸೇಜು ತೋರಿಸಿದ.

“ಇಲ್ಲ ಸಾರ್. ಯಾರದೋ ನಂಬರ್ ತಪ್ಪಾಗಿ ಸೇರಿದೆ. ಆ ಹೆಸರಿನೋರು ಇಲ್ಲಿ ಕಾಲೇ ಇಟ್ಟಿಲ್ಲ” ಎಂದಳು ಒಡತಿ.

“ಅವಳೂ ಹಾಗೇ ಅಂದ್ಲು.” ಅವನು ಫೋನನ್ನು ಜೇಬಿಗಿಳಿಸಿದ. “ಹೋಗಲಿ ಬಿಡಿ, ನಾನೇ ದುಡುಕಿದೆ.” ಬಾಗಿಲ ಕಡೆ ತಿರುಗಿದ.

ಒಳಕೋಣೆಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದ ಕೆಲಸದ ಹುಡುಗಿಗೆ ಇದೊಂದೂ ಗೊತ್ತಿಲ್ಲ. ಹೊತ್ತು ಮೀರಿತೆಂದು ಶಿಸ್ತಾಗಿ ಆ ಹೆಸರಿನ ಮುಂದೆ ‘ಬರಲಿಲ್ಲ’ ಎಂದು ಒತ್ತಿದಳು.

ಅವನ ಜೇಬು ಟಿಣ್ ಎಂದಿತು. ಅವನು ಅಲ್ಲೇ ನಿಂತು ಗಟ್ಟಿಯಾಗಿ ಓದಿದ. “‘ಹೋದ ಬುಧವಾರ ಬಂದಿದ್ದಿರಿ. ಇಂದು ನಿಮ್ಮನ್ನು ಕಾಣದೆ ಬೇಸರವಾಯಿತು.’” ಆಮೇಲೆ ಒಡತಿಯನ್ನು ನೋಡಿ ನಕ್ಕ. “ಚೆನ್ನಾಗಿ ನೆನಪಿಟ್ಕೋತೀರಿ.”

ಅವನು ಮೆಟ್ಟಿಲಿಳಿದು ಹೊರಟ.

“ಪೊಲೀಸರಿಗೆ ಫೋನ್ ಮಾಡೇ!” ಎಂದು ಒಳಗೆ ಕೂಗಿ ಒಡತಿ ಬರಿಗಾಲಲ್ಲೇ ಅವನ ಹಿಂದೆ ಓಡಿದಳು. ಆ ಮನೆ ಎಲ್ಲಿದೆಯೆಂದು ತಿಳಿಯಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ.