ನಾಲ್ಕನೆಯ ಪದ

ನನ್ನದು ಅನುಮಾನದ ಸ್ವಭಾವ. ಹಾಲಿನವನು ಎಂದಿಗಿಂತ ಹೆಚ್ಚು ನಕ್ಕರೆ ಅವತ್ತು ಹಾಲಿಗೆ ನೀರು ಬಿದ್ದಿದೆ ಎಂದೇ ನನ್ನ ತೀರ್ಮಾನ. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಕಣೇ" ಎಂದು ಅತ್ತೆ ಚುಚ್ಚುತ್ತಲೇ ಇರುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಮಾಡುವ ಕೆಲಸಕ್ಕೆ ಅನುಮಾನ ಇರಲೇಬೇಕು ಎಂಬುದು ನನ್ನ ಹೆಮ್ಮೆಯಾಗಿತ್ತು.

ನಗರದ ಬಸ್ ಸಂಸ್ಥೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಡಿಪೋದ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ನಾವು ಕೂರುತ್ತೇವೆ. ಕೆಳಗೆ ಎಂಜಿನ್ ಚಾಲೂ ಆದರೆ ಮೇಲೆ ನಮ್ಮ ಟೀ ಲೋಟ ನಡುಗುತ್ತದೆ. ಯಾವ ಬಸ್ ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೊರಗಿನವರ ಪ್ರೋಗ್ರಾಂಗಳು ಕೇಳುತ್ತವೆ, ನಮ್ಮ ಸರ್ವರ್ ಹೇಳುತ್ತದೆ. ಹಾಗೆ ಕೇಳುವುದಕ್ಕೆಂದು ಎಲ್ಲರಿಗೂ ತೆರೆದಿಟ್ಟ ಕಿಟಕಿಯೇ ಎಪಿಐ. ಏಳು ವರ್ಷದ ಹಿಂದೆ ತೆರೆದದ್ದು ಒಂದನೇ ವರ್ಷನ್, ಅಂದರೆ ಮೊದಲ ಆವೃತ್ತಿ; ಈ ವರ್ಷ ತೆರೆದದ್ದು ಎರಡನೆಯದು. ಹಳೆಯದನ್ನು ವರ್ಷದ ಕೊನೆಗೆ ಮುಚ್ಚಬೇಕೆಂದು ಸಾಹೇಬರ ಆಜ್ಞೆಯಾಗಿತ್ತು.

ಮುಚ್ಚುವುದೆಂದರೆ ಬಾಗಿಲು ಎಳೆದುಕೊಂಡು ಹೋಗುವುದಲ್ಲ. ಹಳೆಯದನ್ನು ನಂಬಿಕೊಂಡು ಇನ್ನೂರಕ್ಕೂ ಹೆಚ್ಚು ಪ್ರೋಗ್ರಾಂಗಳು ಓಡುತ್ತಿದ್ದವು. ಅವು ಹೊಸದಕ್ಕೆ ಬರುವ ತನಕ ಹಳೆಯದರಲ್ಲಿ ಇದ್ದದ್ದನ್ನು ತೆಗೆಯುವ ಹಾಗಿಲ್ಲ, ಹೆಸರು ಬದಲಿಸುವ ಹಾಗಿಲ್ಲ, ಅರ್ಥ ತಿರುಚುವ ಹಾಗಿಲ್ಲ. ಬೇಕಿದ್ದರೆ ಸೇರಿಸಬಹುದು, ಅಷ್ಟೆ. ಈ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳೇ ನಾನು. ಹಳೆಯದು ಮುಚ್ಚುತ್ತದೆ ಎಂಬ ಸೂಚನೆಯನ್ನು ಎಲ್ಲರಿಗೂ ಮೇಲ್ ಮಾಡಿದ್ದೆವು, ಕೈಪಿಡಿಯ ಮೊದಲ ಪುಟದಲ್ಲಿ ಹಾಕಿದ್ದೆವು. ಹಳೆಯ ಕಿಟಕಿಯಿಂದ ಹೋಗುವ ಪ್ರತಿ ಉತ್ತರದ ತಲೆಗೆ ಅಂಟಿಕೊಂಡಿರುವ ಹೆಡರ್‌ನಲ್ಲೂ ಮುಚ್ಚುವ ದಿನಾಂಕ ಹೋಗುತ್ತಿತ್ತು. ಯಾರು ಓದುತ್ತಾರೆ? ಬಸ್ಸಿನಲ್ಲಿ "ಕೈ ಹೊರಗೆ ಚಾಚಬೇಡಿ" ಎಂದು ಬರೆದದ್ದನ್ನು ಓದುವಷ್ಟೇ ಜನ.

ಹಳೆಯದರಲ್ಲಿ ಉಳಿದವರನ್ನು ಹೊಸದಕ್ಕೆ ಕರೆತರಲು ಮೂರು ತಿಂಗಳ ಹಿಂದೆ ಒಬ್ಬನನ್ನು ತೆಗೆದುಕೊಂಡಿದ್ದರು. ಅವನಿಗೆ ನಾನಿಟ್ಟ ಹೆಸರು ತುಟಿಬೀಗ. ಕೇಳಿದ್ದಕ್ಕೆ "ಹೂಂ", ಕೇಳದಿದ್ದರೆ ಅದೂ ಇಲ್ಲ. ಫೋನ್ ಬಂದರೆ ಎದ್ದು ಮೆಟ್ಟಿಲ ಬಳಿ ಹೋಗುತ್ತಿದ್ದ. ನಾನು ಹಿಂದೆ ಬಂದು ನಿಂತರೆ ನೋಟ್‌ಬುಕ್ ಮುಚ್ಚುತ್ತಿದ್ದ. ಆರು ತಿಂಗಳ ಪರೀಕ್ಷಾ ಅವಧಿ ಅವನದು. ಎಷ್ಟು ಜನರನ್ನು ದಾಟಿಸಿದ ಎಂಬುದರ ಮೇಲೆ ಅವನ ಕೆಲಸ ನಿಂತಿತ್ತು. ಹಳೆಯದು ಸ್ವಲ್ಪ ಕೆಟ್ಟರೆ ಜನ ತಾವಾಗಿ ಹೊಸದಕ್ಕೆ ಓಡಿಬರುತ್ತಾರಲ್ಲವೇ? ಈ ಯೋಚನೆ ನನ್ನ ತಲೆಗೆ ಹೊಕ್ಕ ಮೇಲೆ ಅವನು ಕೆಮ್ಮಿದರೂ ನನಗೆ ಸಂಚಿನಂತೆ ಕೇಳಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಒಬ್ಬ ಹೆಂಗಸಿನ ಫೋನ್ ಬಂತು. ದೃಷ್ಟಿಯಿಲ್ಲದ ನೌಕರರ ಹಾಸ್ಟೆಲ್ ಒಂದರ ವಾರ್ಡನ್.

"ನಮ್ಮ ಬಾಗಿಲ ಹತ್ರ ಒಂದು ಮಾತಾಡೋ ಪೆಟ್ಟಿಗೆ ಇದೆ. ಗುಂಡಿ ಒತ್ತಿದ್ರೆ ಹದಿನಾಲ್ಕನೇ ನಂಬರ್ ಬಸ್ ಯಾವಾಗ ಬರತ್ತೆ ಅಂತ ಹೇಳತ್ತೆ. ಸೋಮವಾರದಿಂದ 'ಇವತ್ತು ಬಸ್ ಇಲ್ಲ' ಅಂತಾನೇ ಹೇಳ್ತಿದೆ. ಇವತ್ತು ನಾನೇ ರಸ್ತೆಗೆ ಹೋಗಿ ನೋಡಿದ್ರೆ ಬಸ್ಸು ಬಂದು ನಿಂತಿದೆ!"

"ಸೋಮವಾರದಿಂದ ರಸ್ತೆ ಅಗೀತಿದ್ದಾರೆ, ಬಸ್ ಸುತ್ತಿ ಬರತ್ತೆ. ನಿಮ್ಮ ನಿಲ್ದಾಣಕ್ಕೆ ಬಂದೇ ಬರತ್ತೆ" ಎಂದೆ.

"ಹೌದಾ? ಹಾಗಾದ್ರೆ ನಮ್ಮ ಹುಡುಗಿ ಕೈ ಮುರ್ಕೊಂಡಿದ್ದು ಯಾಕೆ ಹೇಳಿ. ಆಸ್ಪತ್ರೆಲಿ ಟೆಲಿಫೋನ್ ಆಪರೇಟರ್ ಅವಳು. ಎರಡು ದಿನ ರಜಾ ಹಾಕಿದ್ಲು. ನಿನ್ನೆ ಇನ್ನು ರಜಾ ಇಲ್ಲ ಅಂತ ನಡ್ಕೊಂಡು ಹೋಗಿ ಆ ಅಗೆದ ಹಳ್ಳಕ್ಕೇ ಬಿದ್ಲು."

ನನಗೆ ಮೈ ಉರಿದುಹೋಯಿತು. ಆ ಕ್ಷಣವೇ ಹಳೆಯ ವರ್ಷನ್ನಿನ ದಾಖಲೆ ತೆರೆದೆ. ಕಳೆದ ಏಳು ದಿನಗಳಲ್ಲಿ ಅದರಲ್ಲಿ ಒಂದೇ ಬದಲಾವಣೆ, ಹಿಂದಿನ ಶುಕ್ರವಾರದ್ದು, ನನ್ನದೇ. "ಸೇರ್ಪಡೆ ಮಾತ್ರ. ಯಾರಿಗೂ ತೊಂದರೆಯಿಲ್ಲ" ಎಂದು ನಾನೇ ಬರೆದ ಟಿಪ್ಪಣಿ. ಅದನ್ನು ದಾಟಿ ಮುಂದೆ ಹೋದೆ. ಭಾನುವಾರ ಮಧ್ಯಾಹ್ನ ಹಳೆಯ ಸರ್ವರಿಗೆ ಒಬ್ಬ ಲಾಗಿನ್ ಆಗಿದ್ದ. ತುಟಿಬೀಗ. ರಜಾ ದಿನ, ಎರಡು ಗಂಟೆ ಹೊತ್ತು ಒಳಗಿದ್ದ.

"ಭಾನುವಾರ ಏನು ಮಾಡ್ತಿದ್ರಿ?" ಎಂದು ಎಲ್ಲರೆದುರು ಕೇಳಿದೆ.

ಅವನ ಮುಖ ಕೆಂಪಾಯಿತು. "ಲಾಗ್ ನೋಡ್ತಿದ್ದೆ, ಮೇಡಂ" ಎಂದು ನೋಟ್‌ಬುಕ್ಕನ್ನು ಡ್ರಾಯರಿಗೆ ಹಾಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಇನ್ನೇನು ಸಾಕ್ಷಿ ಬೇಕು? ಯಾರಿಗೂ ಹೇಳದೆ ಹಳೆಯದನ್ನು ಕೆಡಿಸಿದ್ದಾನೆಂದು ಸಾಹೇಬರಿಗೆ ಪತ್ರ ಬರೆದು, ಇವನನ್ನು ಮುಂದುವರಿಸಬಾರದೆಂದು ಕೊನೆಗೆ ಸೇರಿಸಿದೆ. ಸೋಮವಾರ ಇಬ್ಬರೂ ಬನ್ನಿ, ಅಲ್ಲೇ ತೀರ್ಮಾನ ಮಾಡುತ್ತೇನೆ ಎಂದು ಸಾಹೇಬರ ಉತ್ತರ ಬಂತು.

ಅವತ್ತು ಮನೆಗೆ ಹೋದರೆ ಅಡುಗೆಮನೆಯಲ್ಲಿ ಅತ್ತೆ ರೇಗುತ್ತಿದ್ದರು.

"ಸಕ್ಕರೆ ಡಬ್ಬಿಗೆ ರವೆ ಸುರಿದವಳು ನೀನೇನಾ? ಕಾಫಿಗೆ ಹಾಕ್ಕೊಂಡೆ!"

"ಡಬ್ಬಿ ಖಾಲಿ ಇತ್ತು ಅತ್ತೆ. ಮೇಲೆ ಚೀಟಿ ಅಂಟಿಸಿದ್ನಲ್ಲ."

"ನನ್ನ ಕೈ ಚೀಟಿ ಓದತ್ತಾ? ಮೂವತ್ತು ವರ್ಷದಿಂದ ಅದು ಸಕ್ಕರೆ ಡಬ್ಬಿ. ಹೊಸ ಸಾಮಾನು ಬಂದ್ರೆ ಹೊಸ ಡಬ್ಬಿ ಇಡಮ್ಮ, ಯಾರು ಬೇಡ ಅಂತಾರೆ?"

ನನ್ನ ತಲೆಯ ತುಂಬ ತುಟಿಬೀಗನೇ ಇದ್ದ. ಹೂಂಗುಟ್ಟಿ ಒಳಗೆ ಹೋದೆ.

ಶುಕ್ರವಾರ ಮಧ್ಯಾಹ್ನ ಅವನು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಎದ್ದ. "ಎಲ್ಲಿಗೆ?" ಎಂದೆ. "ಆ ಪೆಟ್ಟಿಗೆ ಮಾಡಿದವರ ಹತ್ರ." "ನಾನೂ ಬರ್ತೀನಿ." ಅವರಿಗೆ ಏನಾದರೂ ಹೇಳಿಕೊಟ್ಟು ಬಾಯಿ ಮುಚ್ಚಿಸಿಬಿಟ್ಟರೆ ಎಂಬ ಅನುಮಾನ ನನಗೆ.

ಪೆಟ್ಟಿಗೆ ಮಾಡಿದವರು ಒಬ್ಬ ರೇಡಿಯೋ ರಿಪೇರಿ ತಾತ. ಬೀದಿಯ ತಿರುವಿನಲ್ಲಿ ಅವರ ಅಂಗಡಿ. ಗೋಡೆಯ ತುಂಬ ಬಿಚ್ಚಿಟ್ಟ ರೇಡಿಯೋಗಳು, ಕಾಲಿಟ್ಟಲ್ಲೆಲ್ಲ ತಂತಿ. ತುಟಿಬೀಗನನ್ನು ನೋಡಿದ್ದೇ ಅವರು ಸ್ಟೂಲು ಎಳೆದರು.

"ಬಾಪ್ಪ. ಇವನೊಬ್ಬನೇ ತಾಯಿ ನನ್ನನ್ನ ಹುಡುಕ್ಕೊಂಡು ಬಂದಿದ್ದು. ನಿಮ್ಮ ಆಫೀಸಿಂದ ಮೇಲ್ ಕಳಿಸಿದ್ರಂತೆ. ನಾನು ನಿಮಗೆ ಕೊಟ್ಟಿದ್ದು ನನ್ನ ಮಗನ ಕಂಪನಿ ಮೇಲ್ ವಿಳಾಸ. ಅವನು ಆ ಕಂಪನಿ ಬಿಟ್ಟೇ ಐದು ವರ್ಷ ಆಯ್ತು, ಮೇಲೂ ಮುಚ್ಚಿಹೋಯ್ತು."

ತುಟಿಬೀಗ ನೋಟ್‌ಬುಕ್ ತೆರೆದು ಬೆಂಚಿನ ಮೇಲಿಟ್ಟ. ಈ ಸಲ ಮುಚ್ಚಲಿಲ್ಲ. ಸೂಚನೆ ತಲುಪದವರ ಪಟ್ಟಿ ಅದು. ಯಾರು ಯಾವಾಗ ಕೇಳಿದರೆಂದು ಸರ್ವರ್ ಬರೆದಿಡುವ ಹಳೆಯ ಲಾಗ್ ಜಾಲಾಡಿ, ನಾವು ಒಬ್ಬೊಬ್ಬರಿಗೂ ಕೊಟ್ಟ ಗುರುತಿನ ಕೀಗಳಲ್ಲಿ ಯಾವುದು ಇನ್ನೂ ಓಡುತ್ತಿದೆ, ಯಾರ ಮೇಲ್ ವಾಪಸ್ ಬಂದಿದೆ ಎಂದು ನೋಡಿ ಒಬ್ಬೊಬ್ಬರನ್ನೇ ಹುಡುಕಿದ್ದ. ಮೂವತ್ತೆಂಟು ಹೆಸರು, ಮುಂದೆ ಫೋನ್ ನಂಬರು, ಮಾತಾಡಿದ ದಿನ. ಭಾನುವಾರ ಆ ಎರಡು ಗಂಟೆ ಹೊತ್ತು ಅವನು ಮಾಡಿದ ಕೆಲಸ ಇದೇ.

"ಯಾಕ್ರೀ ಮುಚ್ಚಿಡ್ತಿದ್ರಿ ಇದನ್ನ?" ಎಂದೆ.

"ನೀವು ಕಳಿಸಿದ ಮೇಲ್‌ಗಳು, ಮೇಡಂ. ತಲುಪಿಲ್ಲ ಅಂತ ನಿಮಗೆ ಹೇಗೆ ಹೇಳೋದು ಅಂತ..." ಎಂದು ನೆಲ ನೋಡಿದ.

ಆದರೂ ನನ್ನ ಅನುಮಾನ ಪೂರ್ತಿ ಇಳಿಯಲಿಲ್ಲ. ಪಟ್ಟಿ ಬರೆದವನು ಕೆಡಿಸಿಲ್ಲವೆಂದು ಏನು ಗ್ಯಾರಂಟಿ? "ಪ್ರೋಗ್ರಾಂ ತೋರ್ಸಿ ತಾತ" ಎಂದೆ. ತಾತ ಕನ್ನಡಕ ಏರಿಸಿ ಹಳೆಯ ಕಂಪ್ಯೂಟರಿನಲ್ಲಿ ತೆರೆದರು. ಇಪ್ಪತ್ತು ಸಾಲು, ಅಚ್ಚುಕಟ್ಟಾಗಿತ್ತು. ಬಸ್ಸಿನ ಸ್ಥಿತಿ 'ಸಮಯಕ್ಕೆ' ಎಂದು ಬಂದರೆ ನಿಮಿಷ ಹೇಳು. 'ತಡ' ಎಂದು ಬಂದರೆ ತಡ ಎಂದು ಹೇಳಿ ನಿಮಿಷ ಹೇಳು. ಎರಡೂ ಅಲ್ಲದಿದ್ದರೆ ಬಸ್ ಇಲ್ಲ ಎಂದು ಹೇಳು.

"ಎರಡೂ ಅಲ್ಲದಿದ್ರೆ ಬಸ್ ಇಲ್ಲ ಅಂತ ಹೇಗೆ ಬರೆದ್ರಿ?"

ತಾತ ಡ್ರಾಯರಿನಿಂದ ಹಳದಿಯಾದ ಹಾಳೆಗಳನ್ನು ತೆಗೆದರು. ಏಳು ವರ್ಷದ ಹಿಂದಿನ ನಮ್ಮ ಕೈಪಿಡಿ. ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು. "ನೀವೇ ಬರೆದಿದ್ದೀರಲ್ಲ ತಾಯಿ. ಸ್ಥಿತಿ ಅನ್ನೋ ಜಾಗದಲ್ಲಿ ಮೂರೇ ಪದ ಬರತ್ತೆ. ಸಮಯಕ್ಕೆ, ತಡ, ರದ್ದು. ಎರಡು ಅಲ್ಲ ಅಂದ್ರೆ ಮೂರನೇದೇ ತಾನೆ? ನಾಲ್ಕನೇದು ಯಾರು ಹಾಕಿದ್ದು?"

ಹಾಕಿದವಳು ನಾನು. ಹಿಂದಿನ ಶುಕ್ರವಾರ, ರಸ್ತೆ ಅಗೆಯುವ ಸುದ್ದಿ ಬಂದಾಗ, 'ಬದಲಿ ಮಾರ್ಗ' ಎಂಬ ಪದವನ್ನು ಅದೇ ಜಾಗಕ್ಕೆ ಹಾಕಿದ್ದೆ. ಏನನ್ನೂ ತೆಗೆದಿಲ್ಲ, ಹೆಸರು ಬದಲಿಸಿಲ್ಲ, ಸೇರಿಸಿದ್ದೇನೆ ಅಷ್ಟೆ ಎಂದು ನಂಬಿದ್ದೆ. ಹೊಸ ಮಾಹಿತಿಗೆ ಹೊಸ ಜಾಗ ಮಾಡಿ ಇಟ್ಟಿದ್ದರೆ ತಾತನ ಪೆಟ್ಟಿಗೆ ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ತನಗೆ ಬೇಕಾದದ್ದನ್ನಷ್ಟೇ ಓದುತ್ತಿತ್ತು. ನಾನು ಮಾಡಿದ್ದು ಸಕ್ಕರೆ ಡಬ್ಬಿಗೆ ರವೆ ಸುರಿಯುವ ಕೆಲಸ. ತುಟಿಬೀಗನತ್ತ ತಿರುಗಿದೆ. ಅವನು ಆಶ್ಚರ್ಯಪಡಲಿಲ್ಲ.

"ನಿಮಗೆ ಗೊತ್ತಿತ್ತಾ?"

"ನಿನ್ನೆ ಫೋನ್ ಬಂದಾಗ ಅನ್ನಿಸ್ತು, ಮೇಡಂ. ಇಲ್ಲಿ ನೋಡದೆ ನಿಮ್ಮ ಹೆಸರು ಹೇಳೋಕೆ ಮನಸ್ಸು ಬರ್ಲಿಲ್ಲ."

ನಾನು ನೋಡದೆಯೇ ಅವನ ಹೆಸರು ಬರೆದಿದ್ದೆ.

ವಾಪಸ್ ಬಂದವಳೇ ಸರಿಮಾಡಿದೆ. ಹಳೆಯ ವರ್ಷನ್ನಿನಲ್ಲಿ ಸ್ಥಿತಿ ಮತ್ತೆ ಮೂರೇ ಪದಕ್ಕೆ ಬಂತು. ಸುತ್ತಿ ಬರುವ ಬಸ್ಸಿಗೆ 'ತಡ'. ಬದಲಿ ಮಾರ್ಗದ ವಿವರ ಬೇರೆಯೇ ಜಾಗಕ್ಕೆ ಹೋಯಿತು, ಬೇಕಾದವರು ಓದಿಕೊಳ್ಳಲಿ. ನಾಲ್ಕನೆಯ ಪದ ಎರಡನೇ ವರ್ಷನ್ನಿನಲ್ಲಿ ಮಾತ್ರ ಉಳಿಯಿತು, "ಮುಂದೆ ಇನ್ನೂ ಪದ ಬರಬಹುದು, ಗೊತ್ತಿಲ್ಲದ ಪದ ಬಂದರೆ ರದ್ದು ಎಂದುಕೊಳ್ಳಬೇಡಿ" ಎಂಬ ಎಚ್ಚರಿಕೆಯ ಜೊತೆ. ಪೆಟ್ಟಿಗೆ ಸರಿಹೋಯಿತೆಂದಷ್ಟೇ ಸಾಹೇಬರಿಗೆ ಮೇಲ್ ಹಾಕಿದೆ. ಇಷ್ಟೆಲ್ಲ ಆದರೂ ನನ್ನ ದೂರಿನ ಪತ್ರ ಮಾತ್ರ ಅವರ ಮೇಜಿನ ಮೇಲೇ ಇತ್ತು. ಶನಿವಾರ, ಭಾನುವಾರ ಸಾಹೇಬರಿಗೆ ಫೋನ್ ಮಾಡಲು ಎಷ್ಟೋ ಸಲ ಮೊಬೈಲ್ ಎತ್ತಿಕೊಂಡೆ. ಸೋಮವಾರ ಎದುರಿಗೇ ಹೇಳಿದರಾಯಿತೆಂದು ಇಟ್ಟುಬಿಟ್ಟೆ. ನಿಜ ಹೇಳುತ್ತೇನೆ, ಹೆದರಿಕೆ. ಹದಿನೈದು ವರ್ಷದ ಹೆಸರು ನನ್ನದು.

ಸೋಮವಾರ ನಾವಿಬ್ಬರೂ ಕೂತೆವು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಪತ್ರವನ್ನು ಅವನ ಕಡೆ ತಳ್ಳಿದರು.

"ಓದ್ರಿ. ಅಷ್ಟರಲ್ಲಿ ನಾನು ಹಾಸ್ಟೆಲ್ಲಿಗೆ ಕ್ಷಮೆ ಕೇಳ್ತೀನಿ" ಎಂದು ಮೇಜಿನ ಫೋನಿನ ಸ್ಪೀಕರ್ ಒತ್ತಿದರು.

ಎರಡನೇ ಸಲ ರಿಂಗಾಗುವಷ್ಟರಲ್ಲಿ ಒಬ್ಬ ಹುಡುಗಿ ಎತ್ತಿದಳು. ಕೈ ಮುರಿದು ಕೂತಿದ್ದ ಅದೇ ಆಪರೇಟರ್, ಹಾಸ್ಟೆಲ್ ಫೋನನ್ನು ಬೇರೆಯವರಿಗೆ ಬಿಡುತ್ತಾಳೆಯೇ? ಸಾಹೇಬರು ತಮ್ಮ ಪರಿಚಯ ಹೇಳಿ, ಪೆಟ್ಟಿಗೆ ಸರಿಹೋಗಿದೆ ಎಂದರು.

"ಗೊತ್ತಾಯ್ತು ಸರ್, ಬೆಳಿಗ್ಗೆ ಒತ್ತಿ ನೋಡಿದೆ" ಎಂದಳು. ಸ್ವರದಲ್ಲಿ ಕೋಪವಿರಲಿಲ್ಲ. "ಏಳು ವರ್ಷದಿಂದ ಅದು ಹೇಳಿದ್ದು ಒಂದು ಸಲಾನೂ ತಪ್ಪಾಗಿರಲಿಲ್ಲ ಸರ್. ಅದಕ್ಕೇ ಯಾರನ್ನೂ ಕೇಳಲಿಲ್ಲ. ಅನುಮಾನವೇ ಬರಲಿಲ್ಲ. ಯಾರು ಮಾಡಿದ್ದು ಅಂತ ಗೊತ್ತಾಯ್ತಾ?"

ಸಾಹೇಬರು ತುಟಿಬೀಗನನ್ನು ನೋಡಿದರು. ಅವನು ಪತ್ರವನ್ನು ಕೊನೆಯ ಸಾಲಿನ ತನಕ ಓದಿ, ಮಡಚಿ, ನನ್ನ ಮುಂದಿಟ್ಟ. ಇವತ್ತೊಂದು ದಿನವಾದರೂ ಮಾತಾಡಲಿ, ನನ್ನ ಹೆಸರು ಅವನೇ ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಹೇಳಲಿಲ್ಲ.

"ಹಲೋ? ಲೈನಲ್ಲಿದ್ದೀರಾ?" ಎಂದಳು ಹುಡುಗಿ.

ನಾನು ಫೋನಿನ ಹತ್ತಿರ ಬಗ್ಗಿದೆ.

"ಇದ್ದೀನಮ್ಮ" ಎಂದೆ. "ಮಾಡಿದ್ದು ನಾನು."