ಮಣ್ಣುಸೊಪ್ಪಿನ ಸರದಿ

ಹುಣಸೂರಿನ ಹೊಗೆಸೊಪ್ಪಿನ ಗೋದಾಮಿನಲ್ಲಿ ನಾನು ಸಿಬ್ಬಂದಿ ಅಧಿಕಾರಿ. ಹೆಸರು ಶಾಂಭವಿ. ಮೇಲಿನವರ ಸಿಟ್ಟನ್ನು ಮೆತ್ತಗೆ ಮಾಡಿ ಕೆಳಗಿಳಿಸುವುದು, ಕೆಳಗಿನವರ ಸಿಟ್ಟನ್ನು ಮೆತ್ತಗೆ ಮಾಡಿ ಮೇಲೇರಿಸುವುದು, ಇದೇ ನನ್ನ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ನನಗೇ ಸಿಟ್ಟು ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಸೊಪ್ಪು ವಿಂಗಡಿಸುವ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಮೊದಲು ಬಂದವರು ತಮಗೆ ಬೇಕಾದ ಬೇಲ್, ಅಂದರೆ ಸೊಪ್ಪಿನ ದೊಡ್ಡ ಕಟ್ಟು, ಆರಿಸಿಕೊಂಡು ಟೇಬಲ್ಲಿಗೆ ಎಳೆದುಕೊಳ್ಳುತ್ತಾರೆ. ಗಿಡದ ಮೇಲ್ಭಾಗದ ಎಲೆಯಾದರೆ ಬಣ್ಣ ನೋಡಿ ಬೇರ್ಪಡಿಸಿದರೆ ಮುಗಿಯಿತು. ಬುಡದ ಎಲೆ ಹಾಗಲ್ಲ. ಅದಕ್ಕೆ ಮಣ್ಣು ಮೆತ್ತಿರುತ್ತದೆ, ಒಂದೊಂದನ್ನೂ ಒದರಬೇಕು, ದೂಳು ಕುಡಿಯಬೇಕು. ಅದನ್ನು ನಮ್ಮಲ್ಲಿ ಮಣ್ಣುಸೊಪ್ಪು ಎನ್ನುತ್ತಾರೆ. ಆದರೆ ದಿನಕ್ಕೆ ಇಷ್ಟು ಬೇಲ್ ಮುಗಿಸಬೇಕೆಂಬ ಲೆಕ್ಕ ಎಲ್ಲ ಟೇಬಲ್ಲಿಗೂ ಒಂದೇ.

ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಗಳಿಂದ ಹೆಂಗಸರನ್ನು ಕರೆತರುವ ವ್ಯಾನು ಎಲ್ಲಕ್ಕಿಂತ ದೂರದಿಂದ ಬರುತ್ತದೆ. ಆದ್ದರಿಂದ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅವರು ಇಳಿಯುವ ಹೊತ್ತಿಗೆ ಉಳಿದಿರುವುದು ಮಣ್ಣುಸೊಪ್ಪು. ನಿನ್ನೆಯೂ ಅದೇ, ನಾಳೆಯೂ ಅದೇ. ಆ ವ್ಯಾನಿನ ಚೆನ್ನಿ ಒಂದು ದಿನ ನೇರ ನನ್ನ ಕೋಣೆಗೆ ಬಂದು, ಮಣ್ಣುಸೊಪ್ಪು ದಿನವೂ ತಮಗೇ ಯಾಕೆ ಎಂದು ತಾನೇ ಬರೆದ ಅರ್ಜಿ ಕೊಟ್ಟಳು. ಕೂರಲಿಲ್ಲ. ತಲುಪಿದೆ ಅಂತ ಸಹಿ ಹಾಕಿ ನಕಲು ಕೊಡಿ ಎಂದು ಕೇಳಿ ಪಡೆದುಕೊಂಡೇ ಹೋದಳು. ಉತ್ತರ ಸರಿಯಾಗಿ ಬರದಿದ್ದರೆ ವ್ಯಾನಿನವರೆಲ್ಲ ಕೆಲಸ ಬಿಡುವ ಮಾತಾಡಿಕೊಂಡಿದ್ದಾರೆಂದು ಹೋಗುವಾಗ ಹೇಳಿದಳು. ಬೆದರಿಕೆಯ ದನಿಯಲ್ಲಿ ಅಲ್ಲ, ಬಸ್ಸಿನ ಹೊತ್ತು ಹೇಳುವ ಹಾಗೆ.

ಮ್ಯಾನೇಜರ್ ನೀಲಕಂಠಸ್ವಾಮಿಯವರು ಅರ್ಜಿ ಓದಿ ನಕ್ಕರು. ಲೆಕ್ಕ ಎಲ್ಲರಿಗೂ ಒಂದೇ ಇರುವಾಗ ಹೆಚ್ಚುಕಡಿಮೆ ಎಲ್ಲಿಂದ ಬಂತು, ಬೇಲ್ ಆರಿಸಿಕೊಳ್ಳುವುದು ಕೆಲಸದವರೇ ಮಾಡಿಕೊಂಡ ಪದ್ಧತಿ, ಕಂಪನಿಗೂ ಅದಕ್ಕೂ ಏನು ಸಂಬಂಧ ಎಂದರು. ದೂರು ಆಧಾರರಹಿತ ಎಂದು ಎರಡು ಸಾಲು ಬರೆದು ಮುಗಿಸಿ ಎಂದರು. ಅಷ್ಟರಲ್ಲಿ ಕಂಪನಿಯ ವಕೀಲರ ಫೋನು ಬಂತು. ಅವರದು ಇನ್ನೊಂದು ಭಯ. ಅನ್ಯಾಯ, ವಿಷಾದ, ತಾರತಮ್ಯ, ಈ ಮಾತುಗಳು ಕಾಗದದಲ್ಲಿ ಎಲ್ಲೂ ಕಾಣಿಸಬಾರದು ಎಂದರು. ತಪ್ಪಾಗಿದೆ ಎಂದು ವಿಚಾರಿಸದೆ ನಾನೂ ಬರೆಯುವವಳಲ್ಲ. ಆದರೆ ತಪ್ಪಾಗಿಲ್ಲ ಎಂದು ವಿಚಾರಿಸದೆ ಬರೆಯುವುದು ಯಾವ ನ್ಯಾಯ?

ಮೊದಲು ಚೆನ್ನಿಯನ್ನು ಕರೆಸಿ ಬಾಗಿಲು ಹಾಕಿ ಪೂರ್ತಿ ಕೇಳಿಸಿಕೊಂಡೆ. ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಕೆಲಸಗಾರರ ಕಡೆಯವರೂ ಕಂಪನಿ ಕಡೆಯವರೂ ಸಮಸಮ ಇರುವ ದೂರು ಸಮಿತಿಗೆ ಅರ್ಜಿ ಕಳಿಸಿದೆ. ಉತ್ತರವನ್ನು ಕನ್ನಡದಲ್ಲೇ ಬರೆದೆ. ನೀವು ಹೇಳಿದ್ದನ್ನು ನಾವು ಹೀಗೆ ಅರ್ಥ ಮಾಡಿಕೊಂಡಿದ್ದೇವೆ ಎಂದು ಅವಳ ಮಾತನ್ನು ಅವಳ ಮಾತಿನಲ್ಲೇ ಇಟ್ಟೆ. ಬೇಲ್ ಹಂಚಿಕೆಯ ದಾಖಲೆ ನೋಡುತ್ತೇವೆ, ಎರಡು ಬಗೆಯ ಸೊಪ್ಪಿಗೂ ಹಿಡಿಯುವ ಹೊತ್ತು ಅಳೆಯುತ್ತೇವೆ, ಇಂಥ ದಿನದೊಳಗೆ ತೀರ್ಮಾನ ತಿಳಿಸುತ್ತೇವೆ, ದೂರು ಕೊಟ್ಟದ್ದಕ್ಕೆ ಯಾರಿಗೂ ತೊಂದರೆಯಾಗದು ಎಂದೆ. ಅಲ್ಲಿಯವರೆಗೆ ಬೇಲ್ ಆರಿಸಿಕೊಳ್ಳುವುದು ನಿಲ್ಲುತ್ತದೆ, ಮೇಸ್ತ್ರಿ ಸರದಿಯಂತೆ ಹಂಚುತ್ತಾರೆ, ಇದು ಯಾರದೂ ತಪ್ಪೆಂಬ ತೀರ್ಮಾನವಲ್ಲ ಎಂಬುದು ಕೊನೆಯ ಸಾಲು.

ಮ್ಯಾನೇಜರರು ಆ ಕೊನೆಯ ಭಾಗಕ್ಕೆ ಕೆಂಪು ಪೆನ್ನು ಎಳೆದರು. ಸರದಿ ಶುರುಮಾಡಿದರೆ ತಪ್ಪು ಒಪ್ಪಿಕೊಂಡ ಹಾಗೇ ಅಲ್ಲವೇ ಎಂದರು. ಅವಳೊಬ್ಬಳನ್ನು ಒಳ್ಳೆಯ ಟೇಬಲ್ಲಿಗೆ ಹಾಕಿ, ಅರ್ಜಿ ವಾಪಸ್ ತೆಗೆದುಕೊಳ್ಳಲಿ, ಅಲ್ಲಿಗೆ ಮುಗಿಯುತ್ತದೆ ಎಂದು ತಾವೇ ಚೆನ್ನಿಯನ್ನು ಕರೆಸಿದರು.

ಚೆನ್ನಿ ಸೆರಗಿನ ದೂಳನ್ನು ಅಲ್ಲೇ ಕೊಡವಿಕೊಂಡಳು. ಮ್ಯಾನೇಜರರ ಮೇಜಿನ ಮೇಲೂ ಸ್ವಲ್ಪ ಬಿತ್ತು. ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ.

"ನಂಗೊಬ್ಳಿಗೆ ಬ್ಯಾಡ ಸಾ," ಎಂದಳು. "ಜೊತೇಲಿ ವ್ಯಾನಲ್ಲಿ ಬತ್ತಾರಲ್ಲ, ಅವ್ರ ಮೊಕ ಎಂಗ್ ನೋಡ್ಲಿ? ನಾನು ಬರ್ದಿದ್ದು ಟೇಬ್ಲಿಗಲ್ಲ. ಅರ್ಜಿ ವಾಪಸ್ ತಕ್ಕಳಕಿಲ್ಲ."

ಅವಳು ಹೋದ ಮೇಲೆ ನೀಲಕಂಠಸ್ವಾಮಿಯವರು ನನ್ನ ಕಡೆ ತಿರುಗಿದರು. ನಾನೂ ಬಿಡಲಿಲ್ಲ. ನಾಳೆ ಕಾರ್ಮಿಕ ಇಲಾಖೆಯವರ ಮುಂದೆ ಕೂತಾಗ ಏನು ನೋಡಿ ಆಧಾರರಹಿತ ಅಂದಿರಿ ಎಂದು ಕೇಳಿದರೆ ತೋರಿಸಲು ನಮ್ಮ ಹತ್ತಿರ ಏನಿದೆ ಎಂದೆ.

"ಹಾಗಾದ್ರೆ ನಿಮ್ಮ ಹೆಸರಲ್ಲೇ ಸಹಿ ಹಾಕಿ. ಏನಾದ್ರೂ ಆದ್ರೆ ನಿಮ್ಮ ತಲೆಗೆ," ಎಂದರು.

"ಹಾಕ್ತೀನಿ ಸರ್. ಕೆಂಪು ಗೆರೆ ಇಲ್ಲದ ಪ್ರತಿಗೇ ಹಾಕ್ತೀನಿ," ಎಂದೆ. ಹೊಸ ಪ್ರತಿ ತೆಗೆಸಿ ಅವರ ಎದುರಿಗೇ ಹಾಕಿದೆ.

ಮಧ್ಯಾಹ್ನದ ಊಟಕ್ಕೆ ಮುಂಚೆ ಸಮಿತಿಯವರ ಎದುರು ಉತ್ತರವನ್ನು ಚೆನ್ನಿಗೆ ಓದಿ ಹೇಳಿದೆ. ಕೆಲಸಗಾರರ ಪರವಾಗಿ ಸಮಿತಿಯಲ್ಲಿರುವವಳು ಚೆಲುವಮ್ಮ. ಹುಣಸೂರಿನವಳೇ, ಗೇಟು ತೆರೆಯುವ ಮೊದಲೇ ಬಂದು ನಿಲ್ಲುವವಳು, ಶೆಡ್ಡಿನ ಒಳ್ಳೆಯ ಬೇಲ್ ಯಾವತ್ತೂ ಅವಳದೇ. ಸರದಿ ಎಂದದ್ದೇ ತಡ, ಅವಳ ಮುಖ ಗಂಟಾಯಿತು. ಬೇಗ ಎದ್ದು ಬರುವುದು ತಪ್ಪಾ ಎಂದು ಕೇಳಿದಳು. ತಪ್ಪೆಂದು ಎಲ್ಲೂ ಬರೆದಿಲ್ಲ ಎಂದೆ.

ಚೆನ್ನಿ ಕಾಗದವನ್ನು ತಾನೂ ಒಮ್ಮೆ ಓದಿಕೊಂಡಳು. "ನಿಮ್ದು ತಪ್ಪು ಅಂತ ಇದ್ರಲ್ಲಿ ಇಲ್ವಲ್ಲ ಮೇಡಮ್ಮೋರೆ."

"ಇಲ್ಲ. ನೀನು ಹೇಳಿದ್ದು ಸುಳ್ಳು ಅಂತಾನೂ ಇಲ್ಲ. ನೋಡದೆ ನಾನು ಎರಡನ್ನೂ ಹೇಳಲ್ಲ."

"ಅಂಗಾದ್ರೆ ನೋಡಿ. ನಾವು ಎಲ್ಲೂ ಓಗಕಿಲ್ಲ," ಎಂದಳು. ಕಾಗದ ತಲುಪಿದೆ ಎಂದಷ್ಟೇ ಬರೆದು ಸಹಿ ಹಾಕಿದಳು. ಸಮಾಧಾನವಾಗಿದೆ ಎಂದು ಬರೆಸಲು ಮ್ಯಾನೇಜರರು ಹೇಳಿ ಕಳಿಸಿದ್ದರು. ನಾನು ಕೇಳಲಿಲ್ಲ, ಅವಳು ಬರೆಯಲಿಲ್ಲ.

ಮರುದಿನ ಸರದಿ ಶುರುವಾಯಿತು. ಮೇಸ್ತ್ರಿ ಬಾಗಿಲ ಕಡೆಯ ಟೇಬಲ್ಲಿನಿಂದ ಹಂಚುತ್ತಾ ಬಂದ. ಮಣ್ಣುಸೊಪ್ಪಿನ ಮೊದಲ ಬೇಲ್ ಬಂದದ್ದು ಚೆಲುವಮ್ಮನ ಟೇಬಲ್ಲಿಗೆ. ಅವಳು ನನ್ನ ಕಿಟಕಿಯ ಕಡೆ ನೋಡಿದ ನೋಟಕ್ಕೆ ಬೇರೆಯವರಾದರೆ ಪರದೆ ಎಳೆದುಕೊಳ್ಳುತ್ತಿದ್ದರು. ನಾನು ಗಡಿಯಾರ ಹಿಡಿದು ಶೆಡ್ಡಿಗೇ ಹೋಗಿ ನಿಂತೆ. ಸಮಿತಿಯ ಇನ್ನೊಬ್ಬರು ಹೊತ್ತು ಬರೆದುಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಚೆಲುವಮ್ಮನ ಕೂದಲು, ಹುಬ್ಬು ಎಲ್ಲ ಮಣ್ಣಿನ ಬಣ್ಣವಾಗಿತ್ತು. ಸೀನಿ ಸೀನಿ ಮೂಗು ಕೆಂಪಾಗಿತ್ತು. ಬೇಲ್ ಅರ್ಧವೂ ಮುಗಿದಿರಲಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಚೆನ್ನಿ ತನ್ನ ಪಾಲಿನ ಮೇಲೆಲೆ ಮುಗಿಸಿ ಎದ್ದಳು. ಹೋಗಿ ಚೆಲುವಮ್ಮನಿಗೆ ಮೂಗಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಟ್ಟಳು.

ಸಂಜೆ ವ್ಯಾನು ಹೊರಡುವ ಮುಂಚೆ ಇಬ್ಬರೂ ಒಟ್ಟಿಗೆ ನನ್ನ ಕೋಣೆಗೆ ಬಂದರು. ಚೆಲುವಮ್ಮ ಇನ್ನೂ ಮುಖ ತೊಳೆದಿರಲಿಲ್ಲ. ಬೇಕೆಂದೇ ತೊಳೆದಿರಲಿಲ್ಲ ಎಂದು ನನಗೆ ಗೊತ್ತಾಯಿತು, ಯಾಕೆಂದರೆ ನೀಲಕಂಠಸ್ವಾಮಿಯವರು ಅಲ್ಲೇ ಕೂತಿದ್ದರು.

"ಮಣ್ಣುಸೊಪ್ಪಿಗೂ ಮೇಲೆಲೆಗೂ ಒಂದೇ ಲೆಕ್ಕ ಆಕಿದ್ದು ಯಾರು ಸಾ?" ಎಂದು ಅವರನ್ನೇ ಕೇಳಿದಳು.

ಅವರು ನನ್ನ ಕಡೆ ನೋಡಿದರು. ನಾನು ಅವರಿಗೆ ಉತ್ತರ ಹೇಳಿಕೊಡಲಿಲ್ಲ. ಚೆಲುವಮ್ಮ ತನ್ನ ಸಹಿಯನ್ನೂ ಹಾಕಲು ಚೆನ್ನಿಯ ಅರ್ಜಿ ಕೇಳಿದಳು. ಕೊಟ್ಟ ಅರ್ಜಿಯ ಮೇಲೆ ಬರೆಯುವ ಹಾಗಿಲ್ಲ, ಬೇರೆ ಕೊಡಬೇಕು ಎಂದೆ. ಬಿಳಿ ಹಾಳೆಯೊಂದನ್ನು ಮುಂದಿಟ್ಟೆ. ಅವಳು ಅದೇ ಪ್ರಶ್ನೆಯನ್ನು ನಿಂತೇ ಬರೆದಳು, ಬೆರಳಿನ ಮಣ್ಣು ಹಾಳೆಗೆಲ್ಲ ಹತ್ತಿತು. ನಾನು ಒರೆಸಲಿಲ್ಲ. ತಲುಪಿದೆ ಎಂದು ಸಹಿ ಹಾಕಿ, ನಕಲನ್ನು ಅವಳ ಕೈಗೆ ಕೊಟ್ಟೆ.