ತೂಕದ ಚೀಟಿ

ಶಾಗ್ಯ ಊರಿನಲ್ಲಿ ಒಬ್ಬನಿಗೆ ಮಚ್ಚೇಟು ಬಿದ್ದ ಹೊತ್ತಿನಲ್ಲಿ, ಪೊಲೀಸರು ಆರೋಪಿ ಮಾಡಿದ್ದ ಮಾದೇಶ ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಮಾರುತ್ತಿದ್ದ. ಮಾರುಕಟ್ಟೆಯ ತೂಕದ ಮೆಷಿನ್ನು ಶಾಯಿಯಿಲ್ಲದೆ ಬರೀ ಬಿಸಿಯಿಂದ ಅಚ್ಚೊತ್ತಿ ಕೊಟ್ಟ ಚೀಟಿಯಲ್ಲಿ ಅವನ ಹೆಸರೂ ಇತ್ತು, ಗಂಟೆಯೂ ಇತ್ತು. ಹೆಂಡತಿ ರೂಪ ನಂಬಿದ್ದು ಅದೊಂದನ್ನೇ. ಆದರೂ ನ್ಯಾಯಾಧೀಶರು ಕೇಸಿನಿಂದ ಬಿಡಿ ಎಂದು ಅವನು ಹಾಕಿದ್ದ ಅರ್ಜಿಯನ್ನು ವಜಾ ಮಾಡಿ, ಅವನ ಮೇಲೆ ಆರೋಪ ಹೊರಿಸಿದರು. ಈ ಹಂತದಲ್ಲಿ ಪೊಲೀಸರ ಕಾಗದಗಳಿಂದ ಬಲವಾದ ಅನುಮಾನ ಹುಟ್ಟಿದರೆ ಸಾಕಂತೆ.

“ಕಣ್ಮುಂದೆ ಇಟ್ರೂ ನೋಡಾಕಿಲ್ವ ಸಾ?” ರೂಪ ವಕೀಲರನ್ನು ಕೇಳಿದಳು.

“ಆರೋಪಿ ಕಡೆ ದಾಖಲೆ ಈಗ ನೋಡಂಗಿಲ್ಲ ಕಣಮ್ಮ. ವಿಚಾರಣೇಲಿ ನೋಡ್ತಾರೆ. ವರ್ಷಗಳಾಗ್ಬೋದು, ಅಲ್ಲೀಗಂಟ ಜೋಪಾನವಾಗಿಡು.”

ಜೋಪಾನವಂತೆ! ಅಕ್ಷರಗಳು ಆಗಲೇ ಮಾಸತೊಡಗಿದ್ದವು. ಅವಳು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಓಡಿ ಚೀಟಿಗೆ ಲ್ಯಾಮಿನೇಷನ್ ಮಾಡಿಸಿದಳು. ಬಿಸಿ ಮೆಷಿನ್ನಿನಿಂದ ಹೊರಬಂದ ಚೀಟಿ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿತ್ತು. ಒಂದಕ್ಷರವೂ ಕಾಣದಂತೆ, ತವೆಯ ತಳದಷ್ಟು ಕಪ್ಪಗೆ.